ಸಹಾಯ ಬೇಕು: ಮಗನಿಗೆ ಕೇಕ್ ಒಗ್ಗುತ್ತದೆ, ಆಮ್ಲೆಟ್ ಒಗ್ಗುವುದಿಲ್ಲ

ನಮಸ್ಕಾರ. ನಾವು ಬಾಗಲಕೋಟೆಯವರು. ಮೂರು ವರ್ಷದ ಮಗ ಆಮ್ಲೆಟ್ ಒಂದು ತುತ್ತು ತಿಂದರೂ ಕಾಲು ಗಂಟೆಯೊಳಗೆ ತುಟಿ ಬಾತುಕೊಳ್ಳುತ್ತದೆ, ಕುತ್ತಿಗೆಯ ಸುತ್ತ ದದ್ದು ಏಳುತ್ತದೆ, ವಾಂತಿಯಾಗುತ್ತದೆ. ಬೇಯಿಸಿದ ಮೊಟ್ಟೆಗೂ ಹಾಗೆಯೇ. ಆದರೆ ಮೊಟ್ಟೆ ಹಾಕಿದ ಬೇಕರಿ ಕೇಕನ್ನು ಮೊದಲಿನಿಂದಲೂ ತಿನ್ನುತ್ತಿದ್ದಾನೆ, ಏನೂ ಆಗಿಲ್ಲ.

ಮಕ್ಕಳ ವೈದ್ಯರು ಚರ್ಮದ ಪರೀಕ್ಷೆ ಮಾಡಿಸಿ, ಬಿಳಿಭಾಗದ ಪ್ರೋಟೀನುಗಳ ಅಲರ್ಜಿ ಎಂದರು. ಅದರಲ್ಲಿ ಓವಾಲ್ಬುಮಿನ್ ಶಾಖಕ್ಕೆ ತನ್ನ ರೂಪ ಕಳೆದುಕೊಳ್ಳುತ್ತದೆಯಂತೆ. ಓವೋಮ್ಯುಕಾಯ್ಡ್ ಮಾತ್ರ ಬರೀ ಶಾಖಕ್ಕೆ ಜಗ್ಗುವುದಿಲ್ಲ. 180 ಡಿಗ್ರಿಯಲ್ಲಿ ಅರ್ಧ ಗಂಟೆ ಗೋಧಿ ಹಿಟ್ಟಿನೊಡನೆ ಬೆಂದಾಗ ಹಿಟ್ಟಿನ ಜಾಲಕ್ಕೆ ಸಿಕ್ಕಿ ಅದರ ಕಾಟವೂ ಕಡಿಮೆಯಾಗುತ್ತದೆ. ಕೇಕ್ ನಿಲ್ಲಿಸಬೇಡಿ, ಆಮ್ಲೆಟ್ ಕೊಡಲೇಬೇಡಿ ಎಂದೂ ಹೇಳಿದರು.

ಇಷ್ಟು ತಿಳಿಯಿತು. ಗೊಂದಲ ಇರುವುದು ನಡುವಿನ ತಿನಿಸುಗಳಲ್ಲಿ. ಗೋಧಿ ಹಿಟ್ಟಿಗೆ ಮೊಟ್ಟೆ ಕಲಸಿ ಹಂಚಿನ ಮೇಲೆ ಎರಡೇ ನಿಮಿಷ ಬೇಯಿಸಿದ ದೋಸೆಯಲ್ಲೂ ಗೋಧಿ ಇದೆ, ಆದರೆ ಅಷ್ಟು ಹೊತ್ತಿನ ಶಾಖವಿಲ್ಲ. ಅತ್ತೆಯವರು ಚೂರು ಕೊಟ್ಟು ನೋಡೋಣ ಎನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ.

ಇಂಥ ಮಕ್ಕಳನ್ನು ಬೆಳೆಸಿದವರು ತಿಳಿಸಿ: ಕೇಕ್‌ನ ನಂತರದ ಹಂತಕ್ಕೆ ಯಾವಾಗ ಹೋದಿರಿ? ವೈದ್ಯರ ಕಣ್ಣೆದುರಿನಲ್ಲೇ ತಿನ್ನಿಸಿ ನೋಡುವ ಪರೀಕ್ಷೆಯನ್ನು ಬಾಗಲಕೋಟೆ, ವಿಜಯಪುರ ಅಥವಾ ಬೆಳಗಾವಿಯಲ್ಲಿ ಎಲ್ಲಿ ಮಾಡುತ್ತಾರೆ?