ಮಾವನನ್ನು ‘ಅಂಕಲ್’ ಅಂತ ಬರೆದು ಕಳಿಸಿದ ಮೇಲೆ

ಜನನ ಪ್ರಮಾಣಪತ್ರ ಇಲ್ಲದವರು ಅಮೆರಿಕದ ಗ್ರೀನ್ ಕಾರ್ಡ್ ಕಡತಕ್ಕೆ ನೆಂಟರಿಂದ ಅಫಿಡವಿಟ್ ತರಿಸುವ ವಿಷಯ ಮೊನ್ನೆಯಿಂದ ನಮ್ಮ ಗುಂಪಿನಲ್ಲಿ ಚರ್ಚೆಯಾಗುತ್ತಿದೆ, ಅದರಲ್ಲಿ ಒಬ್ಬರು "ಸೋದರಮಾವನಿಗೆ, ದೊಡ್ಡಮ್ಮನ ಮಗನಿಗೆ ವಕೀಲರ ಹತ್ತಿರ ಏನಂತ ಹೇಳೋದು" ಅಂತ ಕೇಳಿದ್ದರು. ಈ ಗುಂಡಿಗೆ ನಾನು ಆಗಲೇ ಬಿದ್ದು ಎದ್ದಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತಾದಾಗ ಓದಿ.

ನಾನು ಹುಟ್ಟಿದ್ದು 1978ರಲ್ಲಿ, ಹಾಸನದ ಕಡೆಯ ಹಳ್ಳಿಯಲ್ಲಿ, ಅಮ್ಮನ ತವರುಮನೆಯಲ್ಲಿ. ಆಸ್ಪತ್ರೆ ಇಲ್ಲ, ನೋಂದಣಿಯೂ ಇಲ್ಲ. ಇಂಥವರಿಗೆ ಅಮೆರಿಕದ ವಲಸೆ ಇಲಾಖೆ ಒಂದು ದಾರಿ ಇಟ್ಟಿದೆ. ನಮ್ಮಲ್ಲಿ ಜನನ ದಾಖಲೆ ಇಲ್ಲ ಎಂದು ನೋಂದಣಾಧಿಕಾರಿ ಕೊಡುವ ಪತ್ರ ಬೇಕು, ಶಾಲೆಯ ದಾಖಲೆಯಂಥ ಬೇರೆ ಪುರಾವೆ ಕೊಡಬೇಕು, ಅದೂ ಸಾಲದಿದ್ದರೆ ಹುಟ್ಟಿದ್ದನ್ನು ಖುದ್ದಾಗಿ ಬಲ್ಲ ಕನಿಷ್ಠ ಇಬ್ಬರ ಅಫಿಡವಿಟ್ ಸೇರಿಸಬೇಕು. ಅಫಿಡವಿಟ್ ಕೊಡುವವರ ಹೆಸರು, ವಿಳಾಸ, ಹುಟ್ಟಿದ ದಿನ ಮತ್ತು ಊರು, ನಮಗೆ ಅವರು ಏನಾಗಬೇಕು, ಆ ವಿಷಯ ಅವರಿಗೆ ಹೇಗೆ ಗೊತ್ತು, ಇಷ್ಟೂ ಅದರಲ್ಲಿರಬೇಕು. ನನ್ನ ಪಾಲಿಗೆ ಆ ಇಬ್ಬರು ಅಂದರೆ ಅಮ್ಮನ ತಮ್ಮ ಮತ್ತು ಅಮ್ಮನ ಅಕ್ಕ.

ವಕೀಲರಿಗೆ ಮೊದಲ ಇಮೇಲ್ ಟೈಪ್ ಮಾಡಿದ್ದು ಹದಿನಾಲ್ಕು ವರ್ಷದ ಮಗಳು. ನಾನು ಒಲೆ ಮುಂದೆ ನಿಂತು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. "ಮಾವ ಅಂದ್ರೆ ಅಂಕಲ್ ತಾನೆ ಅಮ್ಮ?" ಅಂದಳು. ಹೂಂ ಅಂದೆ. ದೊಡ್ಡಮ್ಮ ಆಂಟ್ ಆದರು. ಟೆಕ್ಸಾಸಿನಲ್ಲಿರುವ ದೊಡ್ಡಮ್ಮನ ಮಗನನ್ನು ನಾನು ಅಣ್ಣ ಅನ್ನುವುದರಿಂದ ಅವನು ಬ್ರದರ್ ಆದ. ಎರಡೇ ದಿನಕ್ಕೆ ವಕೀಲರಿಂದ ಪ್ರಶ್ನೆಗಳು ಬಂದವು. ಈ ಅಂಕಲ್ ತಾಯಿಯ ಕಡೆಯವರೋ ತಂದೆಯ ಕಡೆಯವರೋ? ಆಂಟ್ ರಕ್ತಸಂಬಂಧವೋ, ಮದುವೆಯಿಂದ ಬಂದ ಸಂಬಂಧವೋ? ನಿಮಗೆ ಒಬ್ಬಳೇ ಅಕ್ಕ ಅಂದಿದ್ದಿರಿ, ಈ ಬ್ರದರ್ ಎಲ್ಲಿಂದ ಬಂದರು? ಕೊನೆಯದೇ ನನ್ನ ಎದೆ ಹಾರಿಸಿದ್ದು: ನಿಮ್ಮ ಅಕ್ಕನ ಗಂಡನ ಹೆಸರೂ ಅಂಕಲ್ ಹೆಸರೂ ಹುಟ್ಟಿದ ದಿನವೂ ಒಂದೇ ಇದೆ, ಎಲ್ಲೋ ತಪ್ಪು ನಮೂದಾಗಿದೆಯೇ?

ತಪ್ಪೇನೂ ಆಗಿರಲಿಲ್ಲ. ನಮ್ಮಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದು. ಮಾವ ನನಗೆ ಮಾವನೂ ಹೌದು, ಭಾವನೂ ಹೌದು, ಅಕ್ಕನಿಗೆ ಯಜಮಾನರು, ಇಮೇಲ್ ಟೈಪ್ ಮಾಡಿದ ನನ್ನ ಮಗಳಿಗೆ ದೊಡ್ಡಪ್ಪ. ಮನೆಯೊಳಗೆ ಯಾರಿಗೂ ಇದರಿಂದ ತೊಡಕಾಗಿದ್ದೇ ಇಲ್ಲ. ಆದರೆ ಒಂದೇ ಇಮೇಲಿನಲ್ಲಿ ನಾನು ಹೇಳಿದ ಮಾವನೂ ಅವಳು ಬಲ್ಲ ದೊಡ್ಡಪ್ಪನೂ ಎರಡು ಕಡೆ ಅಂಕಲ್ ಆಗಿ, ಮೂರನೆಯ ಕಡೆ ಬ್ರದರ್-ಇನ್-ಲಾ ಆಗಿ ಕೂತಿದ್ದರು. ಓದುವವರಿಗೆ ಅದು ಮೂರು ಜನ, ಇಲ್ಲವೇ ಒಂದು ಸುಳ್ಳು.

ಆಮೇಲೆ ಕೂತು ಯೋಚಿಸಿದಾಗ ಎರಡು ಸಂಗತಿ ಹೊಳೆದವು. ಒಂದು, ನಾವು ಮಕ್ಕಳ ಎದುರು ಮಾತಾಡುವಾಗ ಮಕ್ಕಳ ಬಾಯಿಂದಲೇ ಸಂಬಂಧ ಹೇಳುತ್ತೇವೆ. ಗಂಡನ ತಮ್ಮ ಬಂದರೆ "ಚಿಕ್ಕಪ್ಪ ಬಂದ್ರು ನೋಡು" ಅನ್ನುತ್ತೇವೆ, ಮೈದುನ ಬಂದ ಅನ್ನುವುದಿಲ್ಲ. ಅದೇ ಅಭ್ಯಾಸ ಇಮೇಲಿಗೂ ಬರುತ್ತದೆ. ಹಾಗಾಗಿ ಮೊದಲ ಸಾಲಿನಲ್ಲೇ "ಕೆಳಗಿನ ಸಂಬಂಧಗಳೆಲ್ಲ ಅರ್ಜಿದಾರಳಾದ ನನ್ನಿಂದ ಲೆಕ್ಕ ಹಾಕಿದ್ದು" ಅಂತ ಬರೆದುಬಿಡಿ. ಆಮೇಲೆ ಪ್ರತಿ ಸಾಲನ್ನೂ ಆ ಒಬ್ಬರ ಕಡೆಯಿಂದಲೇ ಓದಿ ನೋಡಿ. ಮಕ್ಕಳು ಟೈಪ್ ಮಾಡಿದ್ದರೆ ಎರಡು ಸಲ ಓದಿ.

ಎರಡನೆಯದು, ಒಂದು ಪದಕ್ಕೆ ಒಂದು ಪದ ಹುಡುಕಲು ಹೋಗಬೇಡಿ, ಹುಟ್ಟಿನ ದಾರಿಯನ್ನೇ ಬರೆಯಿರಿ. ಅಂಕಲ್ ಬದಲು ‘ಮದರ್ಸ್ ಯಂಗರ್ ಬ್ರದರ್’. ಮಟರ್ನಲ್ ಅಂಕಲ್ ಅಂದರೆ ಸಾಲದೇ ಅಂತ ಕೇಳಬಹುದು. ಸೋದರಮಾವನಿಗೆ ಹೆಚ್ಚು ಕಡಿಮೆ ಸಾಕು, ಆದರೆ ಇಂಗ್ಲಿಷಿನಲ್ಲಿ ಅಮ್ಮನ ತಂಗಿಯ ಗಂಡನೂ ಮಟರ್ನಲ್ ಅಂಕಲ್ ಆಗಬಹುದು. ನಮಗೆ ಅವರು ಚಿಕ್ಕಪ್ಪ. ನಮ್ಮ ಕಾನೂನೇ ಇದನ್ನು ಚೆನ್ನಾಗಿ ಬಲ್ಲದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಕೊನೆಯಲ್ಲಿರುವ ವಾರಸುದಾರರ ಪಟ್ಟಿ ತೆಗೆದು ನೋಡಿ, ಇಂಗ್ಲಿಷಿನಲ್ಲಿದ್ದರೂ ಅಂಕಲ್ ಆಂಟಿ ಇಲ್ಲವೇ ಇಲ್ಲ. ತಂದೆಯ ಸಹೋದರ, ತಂದೆಯ ಸಹೋದರಿ ಒಂದು ಸಾಲು. ತಾಯಿಯ ಸಹೋದರ, ತಾಯಿಯ ಸಹೋದರಿ ಬೇರೆಯೇ ಸಾಲು. ಆಸ್ತಿ ಯಾರಿಗೆ ಹೋಗಬೇಕು ಅನ್ನುವ ಪ್ರಶ್ನೆ ಬಂದಾಗ ಎರಡೂ ಒಂದೇ ಅಲ್ಲ.

ನಮ್ಮ ಕಡತದಲ್ಲಿ ಆ ದಾರಿಯೇ ಕೆಲಸಕ್ಕೆ ಬಂತು. ಅಫಿಡವಿಟ್ಟಿನಲ್ಲಿ "ನಿಮಗೆ ಹೇಗೆ ಗೊತ್ತು" ಅನ್ನುವುದೇ ಮುಖ್ಯ. ಮಾವ ಅಮ್ಮನ ಸ್ವಂತ ತಮ್ಮ. ಹೆರಿಗೆಗೆ ಅಮ್ಮ ತವರಿಗೆ ಬಂದಿದ್ದಳು. ಆಗ ಅವನಿಗೆ ಹದಿನಾರು, ಅದೇ ಮನೆಯಲ್ಲಿದ್ದ. ರಾತ್ರಿ ಗಾಡಿ ಕಟ್ಟಿಕೊಂಡು ಹೋಗಿ ಸೂಲಗಿತ್ತಿಯನ್ನು ಕರೆತಂದವನು ಅವನೇ. ಸಂಬಂಧ ಸರಿಯಾಗಿ ಹೇಳಿದ ಕೂಡಲೇ ಅವನು ಆ ಮನೆಯಲ್ಲಿ ಯಾಕಿದ್ದ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಭಾವನ ಸಂಬಂಧವನ್ನು ಮುಚ್ಚಿಡಲಿಲ್ಲ. "ಇವರು ನನ್ನ ತಾಯಿಯ ತಮ್ಮ, 1978ರ ನಂತರ ನನ್ನ ಅಕ್ಕನನ್ನು ಮದುವೆಯಾದ್ದರಿಂದ ಅಕ್ಕನ ಗಂಡನೂ ಹೌದು, ಇಬ್ಬರೂ ಒಬ್ಬರೇ ವ್ಯಕ್ತಿ" ಅಂತ ಒಂದೇ ವಾಕ್ಯದಲ್ಲಿ ಬರೆದೆವು. ವಕೀಲರು ಇಂಥ ಮದುವೆ ಕಾನೂನುಬದ್ಧವೇ ಅಂತ ಮೆಲ್ಲಗೆ ಕೇಳಿದರು. 1955ರ ಹಿಂದೂ ವಿವಾಹ ಕಾಯ್ದೆ ಮಾವ-ಸೊಸೆ ಸಂಬಂಧವನ್ನು ನಿಷಿದ್ಧ ಪಟ್ಟಿಯಲ್ಲಿ ಇಟ್ಟಿದ್ದರೂ, ಎರಡೂ ಕಡೆಯ ರೂಢಿಯಲ್ಲಿ ಇದ್ದರೆ ಒಪ್ಪುತ್ತದೆ ಅಂತ ತಿಳಿಸಿದೆ. ಬರೆಯುವಾಗ ಮಾವ-ಸೊಸೆ ಅನ್ನುವುದನ್ನು ಫಾದರ್-ಇನ್-ಲಾ, ಡಾಟರ್-ಇನ್-ಲಾ ಅಂತ ಮಾತ್ರ ಮಾಡಬೇಡಿ, ಅನಾಹುತವಾದೀತು. ಅಲ್ಲಿ ಸೊಸೆ ಅಂದರೆ ಅಕ್ಕನ ಮಗಳು.

ಇನ್ನು ಕಸಿನ್ ಬ್ರದರ್. ಈ ಜೋಡಿಪದ ನಮ್ಮ ದೇಶದ್ದು; ಇಲ್ಲಿ ಅಮೆರಿಕದವರು ಅದರಲ್ಲಿ ಬ್ರದರ್ ಒಂದನ್ನೇ ಹಿಡಿದುಕೊಳ್ಳುತ್ತಾರೆ. ನಮಗೆ ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳು, ದೊಡ್ಡಮ್ಮ-ಚಿಕ್ಕಮ್ಮಂದಿರ ಮಕ್ಕಳು ಅಣ್ಣ-ತಮ್ಮ-ಅಕ್ಕ-ತಂಗಿಯರು, ಮಾವ-ಅತ್ತೆಯರ ಮಕ್ಕಳು ಮಾತ್ರ ಭಾವ-ಮೈದುನ-ಅತ್ತಿಗೆ-ನಾದಿನಿಯರು. ಇಂಗ್ಲಿಷಿಗೆ ಎಲ್ಲರೂ ಒಂದೇ ಕಸಿನ್. ಅಮೆರಿಕದ ಕಡತಗಳಲ್ಲಿ ಸಹೋದರ ಅನ್ನಿಸಿಕೊಳ್ಳಬೇಕಾದರೆ ತಂದೆ ಅಥವಾ ತಾಯಿ, ಒಬ್ಬರಾದರೂ ಇಬ್ಬರಿಗೂ ಒಂದೇ ಆಗಿರಬೇಕು. ಒಡಹುಟ್ಟಿದವರನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಹಾಕುವ ಐ-130 ಅರ್ಜಿಗೂ ಇದೇ ಅಳತೆ. ವೀಸಾಕ್ಕೆ ತುಂಬುವ ಡಿಎಸ್-160ರಲ್ಲಿ ಅಮೆರಿಕದಲ್ಲಿ ಹತ್ತಿರದ ಸಂಬಂಧಿಕರು ಇದ್ದಾರೆಯೇ ಅಂತ ಕೇಳಿದಾಗ ನಾನು ಹಿಂದೆ ಟೆಕ್ಸಾಸಿನ ಅಣ್ಣನನ್ನು ಸಹೋದರ ಅಂತ ತುಂಬಿದ್ದೆ! ಪ್ರೀತಿಗೆ ಬರೆದದ್ದು ದಾಖಲೆಯಾಗಿ ಕೂತಿತ್ತು. ವಕೀಲರಿಗೆ ಅದನ್ನೂ ಹೇಳಿಬಿಟ್ಟೆ. ಅವನು ತಾಯಿಯ ಅಕ್ಕನ ಮಗ, ಕನ್ನಡದಲ್ಲಿ ಒಡಹುಟ್ಟಿದವನಿಗೂ ದೊಡ್ಡಮ್ಮನ ಮಗನಿಗೂ ಅಣ್ಣ ಎಂಬ ಒಂದೇ ಪದ ಇರುವುದರಿಂದ ಹಾಗಾಯಿತು ಅಂತ ಅವರು ಒಂದು ವಿವರಣೆಯ ಪತ್ರ ಇಟ್ಟರು.

ಇದು ಇಲ್ಲಿಯ ತಲೆನೋವು ಮಾತ್ರ ಅಂದುಕೊಳ್ಳಬೇಡಿ. ನಮ್ಮ ಯಜಮಾನರು ಧಾರವಾಡದ ಕಡೆಯವರು. ಊರಿನ ಜಾಗ ಮಾರಲು ಕಾಕಾನ ಮಗನಿಗೆ ಪವರ್ ಆಫ್ ಅಟಾರ್ನಿ ಕೊಡುವಾಗ ಇವರೂ ಇಮೇಲಿನಲ್ಲಿ "ನನ್ನ ಬ್ರದರ್" ಅಂತಲೇ ಬರೆದರು. ಅಲ್ಲಿಯ ವಕೀಲರು ಫೋನ್ ಮಾಡಿ ಕೇಳಿದ ಮೊದಲ ಮಾತು, "ಖಾಸ ತಮ್ಮ ಏನ್ರಿ, ಕಾಕಾನ ಮಗ ಏನ್ರಿ?" ಕರ್ನಾಟಕದ ಮುದ್ರಾಂಕ ಕಾಯ್ದೆಯಲ್ಲಿ ಸ್ಥಿರಾಸ್ತಿ ಮಾರುವ ಅಧಿಕಾರವನ್ನು ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಬಿಟ್ಟು ಬೇರೆಯವರಿಗೆ ಕೊಟ್ಟರೆ ಕ್ರಯಪತ್ರಕ್ಕೆ ಬೀಳುವಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಕಾಕಾನ ಮಗ ಆ ಪಟ್ಟಿಯಲ್ಲಿ ಬರುವುದಿಲ್ಲ. ಇಬ್ಬರ ಪ್ಯಾನ್ ಕಾರ್ಡ್ ಪಕ್ಕಪಕ್ಕ ಇಟ್ಟರೆ ತಂದೆಯ ಹೆಸರು ಬೇರೆ ಬೇರೆ ಕಾಣುತ್ತದೆ, ಬಚ್ಚಿಡಲು ಅಲ್ಲೇನೂ ಇಲ್ಲ. ಆದ್ದರಿಂದ ಇಮೇಲಿನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ತಂದೆ-ತಾಯಿಯ ಹೆಸರನ್ನೂ ಬರೆಯುವುದು ಒಳ್ಳೆಯದು. ಬರೆಯುವಾಗಲೇ ನಿಮಗೇ ಗೊತ್ತಾಗುತ್ತದೆ.

ಒಂದು ಎಚ್ಚರ. ವಂಶವೃಕ್ಷವೋ ಹಳೆಯ ಪತ್ರವೋ ಕನ್ನಡದಲ್ಲಿದ್ದು, ಅದರ ಅನುವಾದ ಕೊಡುತ್ತಿದ್ದರೆ, ಅಲ್ಲಿ ಜಾಣತನ ತೋರಿಸಬೇಡಿ. ಅನುವಾದ ಪೂರ್ಣ ಮತ್ತು ಸರಿಯಾಗಿದೆ, ಎರಡೂ ಭಾಷೆ ನನಗೆ ಗೊತ್ತು ಅಂತ ಅನುವಾದಕರು ಸಹಿ ಹಾಕಿರುತ್ತಾರೆ. ಮೂಲದಲ್ಲಿ ‘ಅಣ್ಣ’ ಅಂತಿದ್ದರೆ ಎಲ್ಡರ್ ಬ್ರದರ್ ಅಂತಲೇ ಬರಬೇಕು, ಅವನು ದೊಡ್ಡಮ್ಮನ ಮಗ ಅಂತ ನಿಮಗೆ ಗೊತ್ತಿದ್ದರೂ. ಬಿಡಿಸಿ ಹೇಳುವ ಜಾಗ ಇಮೇಲು ಅಥವಾ ಬೇರೆ ಪತ್ರ.

ಅತ್ತೆಮನೆಯ ಕಡೆಗೂ ಇದೇ ದಾರಿ. ಬ್ರದರ್-ಇನ್-ಲಾ ಅಂದರೆ ಗಂಡನ ಅಣ್ಣನೋ, ತಮ್ಮನೋ, ಅಕ್ಕನ ಗಂಡನೋ ತಿಳಿಯುವುದಿಲ್ಲ. ಓರಗಿತ್ತಿಗೆ ನಾವು ಕಟ್ಟಿಕೊಂಡ ಕೋ-ಸಿಸ್ಟರ್ ಇಲ್ಲಿ ಯಾರಿಗೂ ಅರ್ಥವಾಗದು, ಗಂಡನ ಅಣ್ಣನ ಹೆಂಡತಿ ಅಥವಾ ತಮ್ಮನ ಹೆಂಡತಿ ಅಂದರೆ ಮುಗಿಯಿತು. ಷಡ್ಡಕನಿಗೂ ಹಾಗೇ, ಹೆಂಡತಿಯ ಅಕ್ಕನ ಅಥವಾ ತಂಗಿಯ ಗಂಡ.

ಇನ್ನು ಉಳಿದದ್ದು ಬೀಗರು. ಹೋದ ಬೇಸಿಗೆಯಲ್ಲಿ ನಮ್ಮಪ್ಪ ಮತ್ತು ನಮ್ಮತ್ತೆ ಒಟ್ಟಿಗೆ ಇಲ್ಲಿಗೆ ಹೊರಟರು. ಇಬ್ಬರೇ ಪ್ರಯಾಣ, ಮನೆತನದ ಹೆಸರು ಬೇರೆ ಬೇರೆ, ಇಬ್ಬರ ಆಹ್ವಾನ ಪತ್ರದಲ್ಲಿ ವಿಳಾಸ ಮಾತ್ರ ಒಂದೇ. ಇಮಿಗ್ರೇಷನ್ ಕೌಂಟರಿನಲ್ಲಿ ಏನಾಗಬೇಕು ಅಂತ ಕೇಳಿದರೆ ಅಪ್ಪ "ರಿಲೇಟಿವ್ಸ್" ಅಂದಾರು, ಅತ್ತೆ ಇಲ್ಲ ಅಂತ ತಲೆಯಾಡಿಸಿಯಾರು ಅಂತ ಭಯವಿತ್ತು. ಅಪ್ಪನ ಚೀಟಿಯಲ್ಲಿ "ಇವರು ನನ್ನ ಅಳಿಯನ ತಾಯಿ" ಅಂತಲೂ, ಅತ್ತೆಯ ಚೀಟಿಯಲ್ಲಿ "ಇವರು ನನ್ನ ಸೊಸೆಯ ತಂದೆ" ಅಂತಲೂ ಇಂಗ್ಲಿಷಿನಲ್ಲಿ ಬರೆದು ಪಾಸ್‌ಪೋರ್ಟಿನ ಒಳಗಿಟ್ಟೆ. ಕೌಂಟರಿನಲ್ಲಿ ಕೇಳಿಯೇ ಕೇಳಿದರಂತೆ. ಅಪ್ಪ ಚೀಟಿ ತೆಗೆಯಲು ಹೋಗಿ ಅದಲುಬದಲಾಗಿ ಅತ್ತೆಯ ಚೀಟಿ ಕೊಟ್ಟು, ಅಧಿಕಾರಿ ಅದನ್ನು ಓದಿ, ಅಪ್ಪನ ಮುಖ ನೋಡಿ, ಪಕ್ಕದಲ್ಲಿದ್ದ ಅತ್ತೆಯ ಕಡೆ ಚೀಟಿ ಚಾಚಿದರಂತೆ. ಇಬ್ಬರಿಗೂ ಆರು ತಿಂಗಳು ಇರಲು ಅನುಮತಿ ಸಿಕ್ಕಿತು.