ಸಹಾಯ ಬೇಕು: ವೃತ್ತಿಪರ ಹೊಣೆ ವಿಮೆ ಮಾಡಿಸಲೇ, ಬೇಡವೇ?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಸ್ವತಂತ್ರವಾಗಿ ಕಟ್ಟಡಗಳ ಸ್ಟ್ರಕ್ಚರಲ್ ವಿನ್ಯಾಸ ಮಾಡುತ್ತೇನೆ. ಹೊಸ ಗ್ರಾಹಕರೊಬ್ಬರು ಗೋದಾಮಿನ ವಿನ್ಯಾಸಕ್ಕೆ 4 ಲಕ್ಷ ರೂಪಾಯಿ ಶುಲ್ಕ ಒಪ್ಪಿದ್ದಾರೆ. ಆದರೆ 1 ಕೋಟಿ ರೂಪಾಯಿಯ ವೃತ್ತಿಪರ ಹೊಣೆ ವಿಮೆ ಇರಲೇಬೇಕೆಂಬ ಷರತ್ತು ಹಾಕಿದ್ದಾರೆ. ಏಜೆಂಟರು ಹೇಳಿದ ಪ್ರೀಮಿಯಂ ವರ್ಷಕ್ಕೆ 30,000 ರೂಪಾಯಿ. ಪ್ರತಿ ಕ್ಲೇಮಿನಲ್ಲೂ ಮೊದಲ 1 ಲಕ್ಷ ನಾನೇ ಭರಿಸಬೇಕು.

ಮೊತ್ತಕ್ಕಿಂತ ನನ್ನನ್ನು ಕಾಡುತ್ತಿರುವುದು ಅವಧಿ. ಈ ಪಾಲಿಸಿಯಲ್ಲಿ ತಪ್ಪು ನಡೆದ ದಿನ ವಿಮೆ ಇದ್ದರೆ ಸಾಲದು, ಕ್ಲೇಮ್ ಬಂದ ದಿನವೂ ಪಾಲಿಸಿ ಚಾಲ್ತಿಯಲ್ಲಿರಬೇಕು. ತೊಲೆಯ ಬಿರುಕು ನನ್ನ ನವೀಕರಣದ ತಾರೀಖು ನೋಡಿಕೊಂಡು ಕಾಣಿಸುವುದಿಲ್ಲವಲ್ಲ! ಐದನೆಯ ವರ್ಷ ನೋಟಿಸ್ ಬಂದರೆ ಅಲ್ಲಿಯವರೆಗೂ ಕಟ್ಟುತ್ತಿರಬೇಕು. ಅಂದರೆ ಈ ಒಂದೇ ಕೆಲಸಕ್ಕೆ 1.5 ಲಕ್ಷ. ಜೊತೆಗೆ, ಯಾವ ದಿನದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಎಂದು ಹೇಳುವ ಪೂರ್ವಾನ್ವಯ ದಿನಾಂಕವನ್ನು ಪಾಲಿಸಿ ಆರಂಭದ ದಿನಕ್ಕೇ ಇಟ್ಟಿದ್ದಾರೆ. ಹಾಗಾಗಿ ನನ್ನ ಹಳೆಯ ವಿನ್ಯಾಸಗಳಿಗೆ ರಕ್ಷಣೆಯೇ ಇಲ್ಲ.

ಒಪ್ಪಂದದಲ್ಲಿ ನನ್ನ ಹೊಣೆಗೆ ಮಿತಿಯೂ ಇಲ್ಲ. ಕಾನೂನು ಹೇರುವುದಕ್ಕಿಂತ ಹೆಚ್ಚಿನ ಹೊಣೆಯನ್ನು ನಾನಾಗಿ ಬರೆದುಕೊಟ್ಟರೆ ವಿಮೆ ಅದನ್ನು ಭರಿಸುವುದಿಲ್ಲ ಎಂದು ಪಾಲಿಸಿಯಲ್ಲೇ ಇದೆ. ಇಂಥ ಗ್ರಾಹಕರು ವರ್ಷಕ್ಕೆ ಮೂವರು ಸಿಕ್ಕರೆ ಪ್ರೀಮಿಯಂ ಹಂಚಿಹೋಗುತ್ತದೆ, ಒಬ್ಬರೇ ಆದರೆ ದುಬಾರಿ ಎಂಬುದು ನನ್ನ ಲೆಕ್ಕ.

ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ: ಹೊಣೆಯನ್ನು ಶುಲ್ಕದ ಎರಡು ಪಟ್ಟಿಗೆ ಸೀಮಿತಗೊಳಿಸಲು ಗ್ರಾಹಕರು ಒಪ್ಪಿದ್ದುಂಟೇ? ಪೂರ್ವಾನ್ವಯ ದಿನಾಂಕವನ್ನು ಹಿಂದಕ್ಕೆ ಸರಿಸಲು ಎಷ್ಟು ಹೆಚ್ಚು ಕೊಟ್ಟಿರಿ? ವಕೀಲರ ಖರ್ಚು ಆ 1 ಕೋಟಿಯೊಳಗೇ ಕಳೆಯಿತೇ? ಸೋಮವಾರ ಸಹಿ ಹಾಕಬೇಕಿದೆ.