ತುಟಿಯ ಮೂಲೆ ಬಿರುಕು, ನುಣ್ಣಗಾದ ನಾಲಿಗೆ: ಎಂಸಿವಿ ನಾರ್ಮಲ್ ಅಂದರೆ ಕೊರತೆ ಇಲ್ಲ ಅಂತಲಾ?

ಪ್ರಶ್ನೆ: ವಯಸ್ಸು 36. ಎರಡು ತಿಂಗಳಿಂದ ತುಟಿಯ ಎರಡೂ ಮೂಲೆ ಸೀಳಿವೆ, ಆಕಳಿಸಿದರೆ ರಕ್ತ ಬರುತ್ತೆ. ನಾಲಿಗೆ ಕೆಂಪಗೆ, ನುಣ್ಣಗಾಗಿದೆ. ಖಾರ ತಾಗಿದರೆ ಉರಿ. ಹತ್ತು ದಿನ ಬಿ-ಕಾಂಪ್ಲೆಕ್ಸ್ ತಗೊಂಡೆ, ಏನೂ ಆಗಲಿಲ್ಲ. ಹಿಮೋಗ್ಲೋಬಿನ್ 11.6, ಎಂಸಿವಿ 87, ಆರ್‌ಡಿಡಬ್ಲ್ಯೂ 18. ಶುಗರ್‌ಗೆ ಐದು ವರ್ಷದಿಂದ ಮೆಟ್‌ಫಾರ್ಮಿನ್ ಇದೆ. ಮುಟ್ಟಿನ ಸ್ರಾವ ಜಾಸ್ತಿ. ಯಾವ ವಿಟಮಿನ್ ಕಡಿಮೆ ಇರಬಹುದು?

ಸದಸ್ಯ 1: ಇದು ಬಿ2 ಕೊರತೆ. ತುಟಿ ಸೀಳೋದು, ನಾಲಿಗೆ ಕೆಂಪಾಗೋದು ಎರಡೂ ಅದರಲ್ಲೇ ಬರೋದು. ಎಂಸಿವಿ ನಾರ್ಮಲ್ ಇದೆ, ಹಾಗಾಗಿ ಐರನ್ ಅಲ್ಲ. ಬಿ-ಕಾಂಪ್ಲೆಕ್ಸ್ ಒಂದು ತಿಂಗಳು ಮುಂದುವರಿಸಿ.

ಬಾಯಿ ರೋಗಗಳ ತಜ್ಞೆ: ಬಿ2 ಕಡಿಮೆಯಾದರೆ ಹೀಗಾಗುತ್ತೆ ಅನ್ನೋದು ನಿಜ. ಆದರೆ ಕಬ್ಬಿಣ, ಬಿ12, ಫೋಲೇಟ್ ಕಡಿಮೆಯಾದರೂ ಬಾಯಿ ಇದೇ ಥರ ಕಾಣುತ್ತೆ. ನೋಡಿದ ಮಾತ್ರಕ್ಕೆ ಯಾವುದು ಅಂತ ಹೇಳೋಕೆ ಆಗಲ್ಲ.

ಎಂಸಿವಿ ಬಗ್ಗೆ ಮಾತ್ರ ನನಗೆ ಒಪ್ಪಿಗೆ ಇಲ್ಲ. ಅದು ಕೆಂಪು ರಕ್ತಕಣಗಳ ಸರಾಸರಿ ಗಾತ್ರ. ಕಬ್ಬಿಣ ಕಡಿಮೆಯಾದರೆ ಕಣ ಚಿಕ್ಕದಾಗುತ್ತೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತೆ. ಎರಡೂ ಒಟ್ಟಿಗೆ ಇದ್ದರೆ ಸರಾಸರಿ ಮಧ್ಯಕ್ಕೆ ಬಂದು 87 ಅಂತ ತೋರಿಸುತ್ತೆ. ಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಅಂತ ಹೇಳೋದು ಆರ್‌ಡಿಡಬ್ಲ್ಯೂ. ಅದು ಸಾಮಾನ್ಯವಾಗಿ 15ರ ಒಳಗಿರಬೇಕು, ನಿಮ್ಮದು 18. ಸ್ರಾವದಲ್ಲಿ ಕಬ್ಬಿಣ ಹೋಗುತ್ತಿರಬಹುದು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡರೆ ಬಿ12 ಸರಿಯಾಗಿ ಹೀರಲ್ಪಡದೇ ಇರಬಹುದು. ನನ್ನ ಅನುಮಾನ ಈ ಎರಡರ ಮೇಲೂ ಇದೆ.

ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ಹೇಳೋ ಫೆರಿಟಿನ್, ಜೊತೆಗೆ ಬಿ12, ಫೋಲೇಟ್ ಮೂರನ್ನೂ ಮಾಡಿಸಿ. ಮೈಯಲ್ಲಿ ಸೋಂಕು, ಉರಿಯೂತ ಇದ್ದರೆ ಫೆರಿಟಿನ್ ಸುಳ್ಳಾಗಿ ಏರುತ್ತೆ, ಅದಕ್ಕೇ ಉರಿಯೂತ ತೋರಿಸೋ ಸಿಆರ್‌ಪಿ ಪರೀಕ್ಷೆಯೂ ಇರಲಿ. ರಿಪೋರ್ಟ್ ಬರೋ ತನಕ ಬಿ-ಕಾಂಪ್ಲೆಕ್ಸ್ ಬೇಡ, ಈಗಾಗಲೇ ನುಂಗಿದ್ದೇ ಬಿ12 ಅಂಕಿಯನ್ನು ಮೇಲೆತ್ತಿರಬಹುದು. ಬರೀ ಫೋಲಿಕ್ ಆಸಿಡ್ ಅಂತೂ ಶುರು ಮಾಡಲೇಬೇಡಿ. ಬಿ12 ಕೊರತೆ ಇದ್ದಾಗ ಅದು ರಕ್ತವನ್ನು ಸರಿಮಾಡಿ ತೋರಿಸುತ್ತೆ, ನರಗಳಿಗೆ ಆಗೋ ಹಾನಿ ಒಳಗೊಳಗೇ ಮುಂದುವರಿಯುತ್ತೆ. ಪಾದ ಜೋಮು ಹಿಡಿಯೋದು, ನಡೆಯುವಾಗ ತೂರಾಡೋದು ಇದ್ದರೆ ಈ ವಾರವೇ ಫಿಸಿಶಿಯನ್‌ಗೆ ತೋರಿಸಿ.

ನಾಲಿಗೆಯನ್ನು ಬಟ್ಟೆಯಿಂದ ಒತ್ತಿ ಒರೆಸಿ, ಪಕ್ಕದಿಂದ ಬೆಳಕು ಬೀಳೋ ಹಾಗೆ ಕನ್ನಡಿ ಮುಂದೆ ನೋಡಿ. ಆರೋಗ್ಯವಾದ ನಾಲಿಗೆ ಮಖಮಲ್ ಥರ ಕಾಣುತ್ತೆ. ಆ ಸಣ್ಣ ಎಳೆಗಳು ಸವೆದಿದ್ದರೆ ಹಸಿಮಾಂಸದ ಥರ ಹೊಳೆಯುತ್ತೆ. ಕೆಂಪು ಮಚ್ಚೆಯ ಸುತ್ತ ಬಿಳಿ ಅಂಚಿದ್ದು, ಕೆಲವು ದಿನಕ್ಕೆ ಜಾಗ ಬದಲಿಸಿದರೆ ಅದು ಬೇರೆಯೇ. ಅದಕ್ಕೆ ವಿಟಮಿನ್ ಕೆಲಸ ಮಾಡಲ್ಲ.

ಸದಸ್ಯ 2: ನಮ್ಮ ಅಪ್ಪನಿಗೂ ತುಟಿ ಮೂಲೆ ಸೀಳಿದೆ, ನಾಲಿಗೆ ಚೆನ್ನಾಗೇ ಇದೆ. ಹಳೇ ಸೆಟ್ ಹಲ್ಲು ಹಾಕ್ತಾರೆ. ಅವರಿಗೂ ಐರನ್ ಮಾತ್ರೆ ಕೊಡಲಾ ಡಾಕ್ಟರ್?

ಬಾಯಿ ರೋಗಗಳ ತಜ್ಞೆ: ಕೊಡಬೇಡಿ, ಮೊದಲು ಸೆಟ್ ತೋರಿಸಿ. ಹಲ್ಲು ಸವೆದು ಬಾಯಿಯ ಎತ್ತರ ಕಡಿಮೆಯಾದಾಗ ಮೂಲೆಯಲ್ಲಿ ಮಡಿಕೆ ಬಿದ್ದು ಜೊಲ್ಲು ನಿಲ್ಲುತ್ತೆ, ಅಲ್ಲಿ ಕ್ಯಾಂಡಿಡಾ ಶಿಲೀಂಧ್ರ ಬೆಳೆಯುತ್ತೆ. ರಾತ್ರಿ ಸೆಟ್ ತೆಗೆದಿಡಲಿ. ರಕ್ತ ತೆಳುಮಾಡೋ ವಾರ್ಫರಿನ್ ತಗೋತಿದ್ದರೆ ಕೇಳದೆ ಶಿಲೀಂಧ್ರದ ಮುಲಾಮು ಮೈಕೊನಜೋಲ್ ಹಚ್ಚಬೇಡಿ, ರಕ್ತ ಇನ್ನಷ್ಟು ತೆಳುವಾಗಬಹುದು.

ಪ್ರಶ್ನೆ ಕೇಳಿದವರು: ರಿಪೋರ್ಟ್ ಬಂತು. ಫೆರಿಟಿನ್ 9, ಬಿ12 240, ಫೋಲೇಟ್, ಸಿಆರ್‌ಪಿ ಎರಡೂ ನಾರ್ಮಲ್. ಬಿ12 200ಕ್ಕಿಂತ ಮೇಲಿದೆ, ಅಂದರೆ ಪರವಾಗಿಲ್ಲ ಅಲ್ವಾ?

ಬಾಯಿ ರೋಗಗಳ ತಜ್ಞೆ: ಕಬ್ಬಿಣದ ಕೊರತೆ ಖಚಿತ, ಫೆರಿಟಿನ್ 15ರ ಕೆಳಗೆ ಇದ್ದರೆ ಅನುಮಾನವೇ ಬೇಡ. ಬಿ12 ಬಗ್ಗೆ ಹಾಗೆ ಹೇಳಲಾರೆ. 200ರಿಂದ 300ರ ನಡುವೆ ಅಂಕಿಯನ್ನು ನಂಬೋದು ಕಷ್ಟ, ಅದೂ ಹತ್ತು ದಿನ ಮಾತ್ರೆ ನುಂಗಿದ ಮೇಲೆ. ಬಿ12 ಕೊರತೆಯನ್ನು ಖಚಿತಪಡಿಸೋ ಮೀಥೈಲ್ ಮಲೋನಿಕ್ ಆಸಿಡ್ ಪರೀಕ್ಷೆ ಬೇಕಾ, ಅಥವಾ ನೇರವಾಗಿ ಬಿ12 ಕೊಟ್ಟು ನೋಡೋದಾ ಅಂತ ನಿಮ್ಮ ಫಿಸಿಶಿಯನ್ ತೀರ್ಮಾನಿಸಲಿ. ಮೆಟ್‌ಫಾರ್ಮಿನ್ ನೀವೇ ನಿಲ್ಲಿಸಬೇಡಿ.

ಕಬ್ಬಿಣದ ಮಾತ್ರೆಯ ಸ್ಟ್ರಿಪ್ ಮೇಲೆ ‘ಎಲಿಮೆಂಟಲ್ ಐರನ್’ ಎಷ್ಟು ಅಂತ ನೋಡಿ, ಕಬ್ಬಿಣದ ಲವಣದ ಒಟ್ಟು ತೂಕ ಅಲ್ಲ. 60 ಮಿ.ಗ್ರಾಂ. ದಿನಕ್ಕೊಮ್ಮೆ ಅಥವಾ ದಿನ ಬಿಟ್ಟು ದಿನ ಸಾಮಾನ್ಯವಾಗಿ ಸಾಕು. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಬಿಡಬೇಡಿ, ಇಲ್ಲದಿದ್ದರೆ ಸಂಗ್ರಹ ತುಂಬಲ್ಲ. ಜಾಸ್ತಿ ಸ್ರಾವಕ್ಕೆ ಕಾರಣ ಹುಡುಕದಿದ್ದರೆ ತುಂಬಿದ್ದೂ ಖಾಲಿಯಾಗುತ್ತೆ, ಸ್ತ್ರೀರೋಗ ತಜ್ಞರಿಗೂ ತೋರಿಸಿ.

ನಾಲಿಗೆಯ ಉರಿ ಕೆಲವು ವಾರದಲ್ಲಿ ಇಳಿಯಬೇಕು. ತುಟಿಯ ಮೂಲೆ ಆಗಲೂ ಮಾಯದಿದ್ದರೆ ಸೋಂಕು ಇದೆಯಾ ನೋಡಿಸಿ, ಶುಗರ್ ಏರಿದ್ದಾಗ ಕ್ಯಾಂಡಿಡಾ ಬೇಗ ಬಿಡಲ್ಲ. ಒಣಗಿತು ಅಂತ ನಾಲಿಗೆಯಿಂದ ಸವರಬೇಡಿ, ಸವರಿದಷ್ಟೂ ಸೀಳು ಆಳವಾಗುತ್ತೆ.